ಮಳೆ ಮುನ್ಸೂಚನೆ ಆ್ಯಪ್‌ಗಳ ಕೃಷಿ ಬಳಕೆ

ಮಳೆ ಮುನ್ಸೂಚನೆ ಆ್ಯಪ್‌ಗಳು ಮಳೆ, ಗಾಳಿ, ಉಷ್ಣಾಂಶ ಮತ್ತು ಸಿಡಿಲಿನ ಮಾಹಿತಿಯನ್ನು ಮೊಬೈಲ್ ಫೋನಿಗೆ ತಲುಪಿಸುವ ತಂತ್ರಾಂಶಗಳಾಗಿವೆ. ಭಾರತದಲ್ಲಿ ಕೃಷಿಕರು ಬಳಸುವ ಸರ್ಕಾರಿ ಆ್ಯಪ್‌ಗಳಲ್ಲಿ ಮೇಘದೂತ್, ಮೌಸಮ್ ಮತ್ತು ದಾಮಿನಿ ಮುಖ್ಯವಾದವು. ಬಿತ್ತನೆ, ಗೊಬ್ಬರ ನೀಡಿಕೆ, ಔಷಧಿ ಸಿಂಪಡಣೆ, ಕೊಯ್ಲು, ಒಕ್ಕಣೆ ಮೊದಲಾದ ಕೆಲಸಗಳ ದಿನವನ್ನು ನಿರ್ಧರಿಸಲು ಇವು ನೆರವಾಗುತ್ತವೆ. ಆದರೆ ಫೋನಿಗೆ ತಾನಾಗಿ ಬರುವ ಎಚ್ಚರಿಕೆಗಳು ಅನಾಹುತದ ಮಟ್ಟದ ಮಳೆಯನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡವು. ಕೃಷಿ ಕೆಲಸವನ್ನು ಕೆಡಿಸಲು ಅದರ ಹತ್ತನೆಯ ಒಂದು ಪಾಲು ಮಳೆಯೇ ಸಾಕು. ಆದ್ದರಿಂದ ಆ್ಯಪ್ ಅಳವಡಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾವ ಮಾಹಿತಿಯನ್ನು ಯಾವ ಹೊತ್ತಿಗೆ ನೋಡಬೇಕೆಂಬುದನ್ನು ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕಾಗುತ್ತದೆ. ಈ ಲೇಖನದಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಭಾಗದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸವನ್ನು ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ.

## ಆ್ಯಪ್‌ಗಳು ಮತ್ತು ಅವುಗಳ ಕಾಲಮಿತಿ

ಮೇಘದೂತ್ ಆ್ಯಪ್ 2019ರಲ್ಲಿ ಬಿಡುಗಡೆಯಾಯಿತು. ಇದರಲ್ಲಿ ಮುಂದಿನ ಐದು ದಿನಗಳ ಮಳೆ, ಉಷ್ಣಾಂಶ, ತೇವಾಂಶ, ಗಾಳಿ ಮತ್ತು ಮೋಡದ ಮುನ್ಸೂಚನೆಯೂ ಬೆಳೆವಾರು ಸಲಹೆಯೂ ದೊರೆಯುತ್ತವೆ. ಸಲಹೆಗಳನ್ನು ಕೃಷಿ ಹವಾಮಾನ ಕ್ಷೇತ್ರ ಘಟಕಗಳು ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹೊರಡಿಸುತ್ತವೆ. 2020ರಲ್ಲಿ ಬಂದ ಮೌಸಮ್ ಆ್ಯಪ್‌ನಲ್ಲಿ ಮುಂದಿನ ಮೂರು ತಾಸಿನ ಸ್ಥಳೀಯ ಮುನ್ಸೂಚನೆ, ಬಣ್ಣದ ಎಚ್ಚರಿಕೆ ಮತ್ತು ರೇಡಾರ್ ಚಿತ್ರಗಳಿರುತ್ತವೆ. ದಾಮಿನಿ ಸಿಡಿಲಿಗೆ ಮೀಸಲಾದುದು. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ಸಿದ್ಧಪಡಿಸಿದ ಈ ಆ್ಯಪ್, ಫೋನ್ ಇರುವ ಸ್ಥಳದಿಂದ 20 ಮತ್ತು 40 ಕಿ.ಮೀ. ವ್ಯಾಪ್ತಿಯ ಸಿಡಿಲಿನ ಬಗ್ಗೆ ಎಚ್ಚರಿಸುತ್ತದೆ.

ಹೀಗೆ ಒಂದು ವಾರದ ಲೆಕ್ಕದಲ್ಲಿ, ಒಂದು ತಾಸುಗಳ ಲೆಕ್ಕದಲ್ಲಿ, ಮತ್ತೊಂದು ನಿಮಿಷಗಳ ಲೆಕ್ಕದಲ್ಲಿ ನಡೆಯುತ್ತದೆ. ಒಂದರ ಕೆಲಸವನ್ನು ಮತ್ತೊಂದರಿಂದ ನಿರೀಕ್ಷಿಸುವುದೇ ಬಹುಪಾಲು ನಿರಾಶೆಗೆ ಕಾರಣ.

## ಹಸಿರು ಬಣ್ಣದ ಅರ್ಥ

ಭಾರತ ಹವಾಮಾನ ಇಲಾಖೆಯ ಎಚ್ಚರಿಕೆಗಳಲ್ಲಿ ಹಸಿರು, ಹಳದಿ, ಕಿತ್ತಳೆ ಮತ್ತು ಕೆಂಪು ಎಂಬ ನಾಲ್ಕು ಬಣ್ಣಗಳಿವೆ. ಹಸಿರು ಎಂದರೆ ‘ಮಳೆ ಇಲ್ಲ’ ಎಂದು ಅನೇಕರು ತಿಳಿಯುತ್ತಾರೆ. ಅದರ ಅರ್ಥ ‘ಎಚ್ಚರಿಕೆ ಇಲ್ಲ’ ಎಂದಷ್ಟೆ. ಇಲಾಖೆಯ ವರ್ಗೀಕರಣದ ಪ್ರಕಾರ 24 ತಾಸುಗಳಲ್ಲಿ 64.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಸುರಿದರೆ ಮಾತ್ರ ಅದು ‘ಭಾರಿ ಮಳೆ’. 15.6ರಿಂದ 64.4 ಮಿ.ಮೀ.ವರೆಗಿನದು ಸಾಧಾರಣ ಮಳೆ, ಅದಕ್ಕಿಂತ ಕಡಿಮೆಯಾದುದು ಹಗುರ ಮಳೆ. ಗುಡುಗು, ಬಿರುಗಾಳಿಗಳ ಸಂಭವವಿಲ್ಲದಿದ್ದರೆ 30 ಮಿ.ಮೀ. ಮಳೆಯ ದಿನವೂ ನಕ್ಷೆಯಲ್ಲಿ ಹಸಿರಾಗಿಯೇ ಇರಬಹುದು.

ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. 30 ಮಿ.ಮೀ. ಮಳೆಗೆ ನದಿ ಉಕ್ಕುವುದಿಲ್ಲ, ರಸ್ತೆ ಮುಚ್ಚುವುದಿಲ್ಲ. ಆದರೆ ಬೆಳಗ್ಗೆ ಹೊಡೆದ ಮದ್ದು ಸಂಜೆಯೊಳಗೆ ತೊಳೆದುಹೋಗಬಹುದು, ಅಂಗಳದಲ್ಲಿ ಹರಡಿದ ಅಡಿಕೆ ನೆನೆಯುತ್ತದೆ. ಆದ್ದರಿಂದ ಕೃಷಿಕನು ಬಣ್ಣವನ್ನಲ್ಲ, ದಿನವಾರು ಮಿ.ಮೀ. ಅಂಕಿಯನ್ನು ಓದಬೇಕು. ಆ ಅಂಕಿಯನ್ನು ನೋಡಲು ಆ್ಯಪ್ ತೆರೆಯಲೇಬೇಕಾಗುತ್ತದೆ. ಎಚ್ಚರಿಕೆಯ ಗಂಟೆಗಾಗಿ ಕಾದರೆ ಆಗದು.

## ಕನ್ನಡದ ಮುನ್ಸೂಚನೆಯನ್ನು ಓದುವುದು

ಮೇಘದೂತ್‌ನಲ್ಲಿ ನೋಂದಣಿಯ ವೇಳೆ ಭಾಷೆ, ರಾಜ್ಯ ಮತ್ತು ಜಿಲ್ಲೆಗಳನ್ನು ಆರಿಸಿಕೊಳ್ಳಬೇಕು. ಕನ್ನಡವನ್ನು ಆರಿಸಿದರೆ ಸಲಹೆಗಳು ಕನ್ನಡದಲ್ಲಿ ದೊರೆಯುತ್ತವೆ. ಆದರೆ ಭಾಷೆ ಕನ್ನಡವಾದ ಮೇಲೂ ಪರಿಭಾಷೆಯ ತೊಡಕು ಉಳಿಯುತ್ತದೆ. ಹವಾಮಾನ ವರದಿಯಲ್ಲಿ ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಎಂಬ ಮಾತುಗಳು ಬರುತ್ತವೆ. ಸಾಮಾನ್ಯ ಮಾತಿನಲ್ಲಿ ‘ಕೆಲವು’ ಮತ್ತು ‘ಹಲವು’ ಪದಗಳ ನಡುವೆ ಹೆಚ್ಚಿನ ಅಂತರವಿಲ್ಲ. ವರದಿಯಲ್ಲಿ ಮಾತ್ರ ಅವು ಅಳತೆಯ ಪದಗಳು. ಆ ಪ್ರದೇಶದ ಮಳೆಮಾಪನ ಕೇಂದ್ರಗಳ ಕಾಲು ಭಾಗದವರೆಗೆ ಮಳೆ ಬಂದರೆ ‘ಒಂದೆರಡು ಕಡೆ’, ಕಾಲಿನಿಂದ ಅರ್ಧದವರೆಗೆ ‘ಕೆಲವು ಕಡೆ’, ಅರ್ಧದಿಂದ ಮುಕ್ಕಾಲಿನವರೆಗೆ ‘ಹಲವು ಕಡೆ’, ಅದಕ್ಕೂ ಮೀರಿದರೆ ‘ಬಹುತೇಕ ಕಡೆ’. ‘ಒಂದೆರಡು ಕಡೆ ಭಾರಿ ಮಳೆ’ ಎಂದು ಓದಿ ತನ್ನ ತೋಟದಲ್ಲಿ ಹನಿಯೂ ಬೀಳದಿದ್ದಾಗ ವರದಿ ಸುಳ್ಳೆಂದು ಹೇಳುವಂತಿಲ್ಲ.

ಜಿಲ್ಲೆಗೆ ಒಂದೇ ಅಂಕಿ ಕೊಡುವ ಮುನ್ಸೂಚನೆಗೆ ಇನ್ನೊಂದು ಮಿತಿಯಿದೆ. ಉತ್ತರ ಕನ್ನಡದಲ್ಲಿ ಕರಾವಳಿ, ಘಟ್ಟ ಮತ್ತು ಅರೆ ಬಯಲುಸೀಮೆ ಮೂರೂ ಇವೆ. ಮುಂಡಗೋಡ, ಹಳಿಯಾಳಗಳ ವಾರ್ಷಿಕ ಮಳೆ ಹೊನ್ನಾವರದ ಅರ್ಧಕ್ಕಿಂತಲೂ ಕಡಿಮೆ. ಜಿಲ್ಲೆಯ ಸರಾಸರಿ ಈ ಯಾವ ಊರಿನದೂ ಅಲ್ಲ. ಈ ಕೊರತೆಯನ್ನು ನೀಗಿಸಲು 2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆ ಆರಂಭವಾಗಿದ್ದು, ಅದನ್ನು ‘ಮೇರಿ ಪಂಚಾಯತ್’ ಆ್ಯಪ್‌ನಲ್ಲಿ ನೋಡಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಓದಲು ಕಷ್ಟವಾಗುವ ಹಿರಿಯರು ಇದೇ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ (92433 45433) ಕರೆ ಮಾಡಿ ಮಾತಿನಲ್ಲಿಯೇ ವಿಚಾರಿಸಬಹುದು.

## ಸೂಚನೆಯ ಹೊತ್ತನ್ನು ಹೊಂದಿಸುವುದು

ಮಳೆಯ ಸುದ್ದಿ ಕೆಲಸ ಆರಂಭವಾಗುವ ಹೊತ್ತಿಗೆ ಬಂದರೆ ತಡವಾದಂತೆ. ನಿರ್ಧಾರ ಮಾಡುವ ಹೊತ್ತಿಗೆ ಮೊದಲೇ ಬರಬೇಕು. ಮದ್ದು ಹೊಡೆಯುವ ಕೆಲಸದಲ್ಲಿ ನಿರ್ಧಾರದ ಹೊತ್ತು ಹಿಂದಿನ ದಿನದ ಸಂಜೆ. ಆಗಲೇ ಕೊನೆಗೌಡನಿಗೆ, ಅಂದರೆ ಮರ ಹತ್ತಿ ಮದ್ದು ಹೊಡೆಯುವ ಕುಶಲಿಗೆ, ಹೇಳಿಕಳುಹಿಸಬೇಕು. ಮೇಘದೂತ್ ಕರೆದು ಎಚ್ಚರಿಸುವುದಕ್ಕಿಂತ ತೆರೆದು ಓದುವ ಸ್ವರೂಪದ್ದಾದ್ದರಿಂದ, ಫೋನಿನ ಅಲಾರಂ ಅಥವಾ ಕ್ಯಾಲೆಂಡರಿನಲ್ಲಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳಕ್ಕೆ ಒಂದು ನೆನಪೋಲೆ ಇಟ್ಟುಕೊಳ್ಳುವುದು ಸುಲಭದ ಉಪಾಯ. ಮದ್ದಿನ ದಿನಗಳು ಸಮೀಪಿಸಿದಾಗ ಅದನ್ನು ಪ್ರತಿದಿನಕ್ಕೆ ಬದಲಾಯಿಸಿಕೊಳ್ಳಬಹುದು.

ದಾಮಿನಿಯಂಥ ಆ್ಯಪ್‌ಗಳ ವಿಷಯದಲ್ಲಿ ತೊಂದರೆ ಬೇರೆ ಬಗೆಯದು. ಬ್ಯಾಟರಿ ಉಳಿಸುವ ಸಲುವಾಗಿ ಆಂಡ್ರಾಯ್ಡ್ ಫೋನುಗಳು ಹೆಚ್ಚು ಬಳಸದ ಆ್ಯಪ್‌ಗಳನ್ನು ನಿದ್ರೆಗೆ ದೂಡುತ್ತವೆ. ವರ್ಷದಲ್ಲಿ ಎಂಟು ತಿಂಗಳು ತೆರೆಯದ ಸಿಡಿಲಿನ ಆ್ಯಪ್‌ಗೆ ಇದೇ ಗತಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪುಟಕ್ಕೆ ಹೋಗಿ ಮೂರು ಸಂಗತಿಗಳನ್ನು ಸರಿಪಡಿಸಬೇಕು. Notifications ತೆರೆದಿರಬೇಕು, Location ಅನುಮತಿಯು Allow all the time ಎಂದಿರಬೇಕು, Battery ವಿಭಾಗದಲ್ಲಿ Unrestricted ಎಂಬುದನ್ನು ಆರಿಸಬೇಕು. ತಯಾರಕರಿಗೆ ತಕ್ಕಂತೆ ಈ ಹೆಸರುಗಳು ಸ್ವಲ್ಪ ಬದಲಾಗುತ್ತವೆ. ರಾತ್ರಿ ಫೋನನ್ನು ಮೌನವಾಗಿಡುವವರು Do not disturb ವ್ಯವಸ್ಥೆಯಲ್ಲಿ ಈ ಆ್ಯಪ್‌ಗೆ ವಿನಾಯಿತಿ ಕೊಡುವುದು ಒಳ್ಳೆಯದು.

ಇಷ್ಟಾದರೂ ಮಲೆನಾಡಿನಲ್ಲಿ ಒಂದು ತೊಡಕು ಉಳಿಯುತ್ತದೆ. ಅಡಿಕೆ ತೋಟಗಳಿರುವುದು ಬಹುಮಟ್ಟಿಗೆ ಗುಡ್ಡಗಳ ನಡುವಿನ ಕಣಿವೆಗಳಲ್ಲಿ. ಅಲ್ಲಿ ನೆಟ್‌ವರ್ಕ್ ಸಿಗುವುದು ಅಪರೂಪ. ತೋಟದಲ್ಲಿದ್ದ ಫೋನಿಗೆ ಬರಬೇಕಾದ ಎಚ್ಚರಿಕೆ ಮನೆಗೆ ಮರಳಿದ ಮೇಲೆ ಬರುತ್ತದೆ. ಎಚ್ಚರಿಕೆಯ ಒಳಗೆ ನಮೂದಾದ ಸಮಯವನ್ನೂ ಅದು ಫೋನಿಗೆ ತಲುಪಿದ ಸಮಯವನ್ನೂ ಹೋಲಿಸಿದರೆ ವಿಳಂಬ ಗೊತ್ತಾಗುತ್ತದೆ. ವಿಳಂಬ ಕಂಡುಬಂದ ಕಡೆ, ನೆಟ್‌ವರ್ಕ್ ಇರುವ ಮನೆಯಲ್ಲಿ ಇನ್ನೊಂದು ಫೋನಿನಲ್ಲಿಯೂ ಆ್ಯಪ್ ಅಳವಡಿಸಿ, ಮನೆಯವರು ತೋಟದವರನ್ನು ಕೂಗಿ ಕರೆಯುವ ಏರ್ಪಾಡು ಮಾಡಿಕೊಳ್ಳಬೇಕು. ಮರದ ತುದಿಯಲ್ಲಿರುವ ಕೊನೆಗೌಡನ ಜೀವದ ಪ್ರಶ್ನೆಯಾದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆ್ಯಪ್ ಸುಮ್ಮನಿದ್ದರೂ ಮಿಂಚು ಕಂಡು 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗೇ ಇದೆ ಎಂದರ್ಥ, ಕೂಡಲೇ ಇಳಿಯಬೇಕು.

## ನಿದರ್ಶನ: ಎರಡನೆಯ ಮದ್ದು

ಅಡಿಕೆಯ ಕೊಳೆರೋಗವು ಎಡೆಬಿಡದ ಮಳೆ, ತಂಪು ಹವೆ ಮತ್ತು ಹೆಚ್ಚಿನ ತೇವಾಂಶದಲ್ಲಿ ಹರಡುತ್ತದೆ. ಇದರ ತಡೆಗೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುಂಚೆ ಒಮ್ಮೆ, 40ರಿಂದ 45 ದಿನಗಳ ಬಳಿಕ ಮತ್ತೊಮ್ಮೆ ಕೊನೆಗಳಿಗೆ ಸಿಂಪಡಿಸುತ್ತಾರೆ. ಮೊದಲ ಮದ್ದಿಗೆ ಒಣ ದಿನ ಸಿಗುವುದು ಕಷ್ಟವಲ್ಲ. ಜೂನ್ ಮೊದಲ ವಾರ ಮದ್ದು ಹೊಡೆದವರಿಗೆ ಎರಡನೆಯದು ಜುಲೈ ನಡುವೆ, ಪುನರ್ವಸು ಅಥವಾ ಪುಷ್ಯ ಮಳೆಯ ಕಾಲಕ್ಕೆ ಬರುತ್ತದೆ. ಆಗ ಒಂದು ಹೊಳವಿನ ದಿನವನ್ನು ಹುಡುಕಿ ತೆಗೆಯಬೇಕು.

ಒಂದು ಮಂಗಳವಾರ ಸಂಜೆ ಮೇಘದೂತ್ ಹೀಗೆ ತೋರಿಸಿತೆಂದು ಭಾವಿಸಬಹುದು: ಬುಧವಾರ 40 ಮಿ.ಮೀ., ಗುರುವಾರ 22, ಶುಕ್ರವಾರ 4, ಶನಿವಾರ 3, ಭಾನುವಾರ 35. ಬಣ್ಣ ಐದೂ ದಿನ ಹಸಿರು. ಇಲ್ಲಿ ಶುಕ್ರವಾರ, ಶನಿವಾರಗಳು ಹೊಳವಿನ ದಿನಗಳು. ಮಂಗಳವಾರವೇ ಮೈಲುತುತ್ತ, ಸುಣ್ಣಗಳನ್ನು ತಂದಿಟ್ಟುಕೊಂಡು ಕೊನೆಗೌಡನಿಗೆ ‘ಶುಕ್ರವಾರವೋ ಶನಿವಾರವೋ’ ಎಂದು ತಿಳಿಸಬಹುದು. ದಿನ ನಿಗದಿ ಮಾಡಬಾರದು. ದೂರದ ದಿನದ ಅಂಕಿ ಹತ್ತಿರದ ದಿನದಷ್ಟು ಗಟ್ಟಿಯಲ್ಲ.

ಗುರುವಾರ ಸಂಜೆ ಮತ್ತೆ ನೋಡಬೇಕು. ಶುಕ್ರವಾರದ ಅಂಕಿ ಈಗಲೂ 5ರ ಒಳಗಿದ್ದರೆ ಶುಕ್ರವಾರವೆಂದು ಹೇಳಿಕಳುಹಿಸಬಹುದು. 4 ಇದ್ದುದು 15 ಆಗಿದ್ದರೆ ಶನಿವಾರಕ್ಕೆ ಮುಂದೂಡುವುದು ಲೇಸು. ಎರಡು ದಿನದ ಅವಕಾಶವಿದ್ದಾಗ ಮೊದಲನೆಯದನ್ನು ಹಿಡಿಯುವುದೇ ಜಾಣತನ, ಏಕೆಂದರೆ ಅದು ತಪ್ಪಿದರೆ ಎರಡನೆಯದು ಉಳಿದಿರುತ್ತದೆ.

ಶುಕ್ರವಾರ ಬೆಳಗ್ಗೆ ಮೌಸಮ್‌ನಲ್ಲಿ ಮೂರು ತಾಸಿನ ಮುನ್ಸೂಚನೆಯನ್ನೂ ಹೊರಗೆ ಆಕಾಶವನ್ನೂ ನೋಡಿದ ಮೇಲೆಯೇ ದ್ರಾವಣ ಕಲಸಬೇಕು. 50 ಲೀಟರ್ ನೀರಿನಲ್ಲಿ 1 ಕಿ.ಗ್ರಾಂ. ಮೈಲುತುತ್ತ, ಬೇರೆ 50 ಲೀಟರಿನಲ್ಲಿ 1 ಕಿ.ಗ್ರಾಂ. ಸುಣ್ಣ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿದರೆ 100 ಲೀಟರ್ ದ್ರಾವಣವಾಗುತ್ತದೆ. ಇದನ್ನು ಅಂದೇ ಬಳಸಬೇಕು, ನಾಳೆಗೆ ಇಡುವಂತಿಲ್ಲ. ಕಲಸುವ ಮುನ್ನ ಕೆಲಸ ನಿಂತರೆ ಹೋಗುವುದು ಅರ್ಧ ದಿನದ ಕೂಲಿ. ಕಲಸಿದ ಮೇಲೆ ನಿಂತರೆ ಮದ್ದೂ ಹೋಗುತ್ತದೆ. ಸಿಂಪಡಿಸಿದ ಮೇಲೆ ದ್ರಾವಣ ಕೊನೆಯ ಮೇಲೆ ಒಣಗಲು ಕೆಲವು ತಾಸು ಮಳೆಯಿಲ್ಲದಿರಬೇಕು. ಆದ್ದರಿಂದ ಮಧ್ಯಾಹ್ನದ ಅನಂತರ ಮೋಡ ಕಟ್ಟುವ ಲಕ್ಷಣವಿದ್ದರೆ ಸಂಜೆಯವರೆಗೆ ಎಳೆಯದೆ ಬೇಗ ಮುಗಿಸುವುದು ವಾಡಿಕೆ.

## ಅಂಕಿಗಳನ್ನು ಪರೀಕ್ಷಿಸುವುದು

ಆ್ಯಪ್ ತನ್ನ ಊರಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಒಂದು ಮಳೆಮಾಪಕ ಮತ್ತು ಒಂದು ನೋಟ್‌ಪುಸ್ತಕದಿಂದ ತಿಳಿಯಬಹುದು. ಪ್ರತಿದಿನ ಬೆಳಗ್ಗೆ 8.30ಕ್ಕೆ ಮಾಪಕದ ನೀರನ್ನು ಅಳೆದು, ಹಿಂದಿನ ಸಂಜೆ ಆ್ಯಪ್ ಹೇಳಿದ್ದ ಅಂಕಿಯ ಪಕ್ಕದಲ್ಲಿ ಬರೆಯಬೇಕು. ಹವಾಮಾನ ಇಲಾಖೆಯ ಮಳೆದಿನವೂ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ. ಶನಿವಾರದ ಲೆಕ್ಕದಲ್ಲಿ ಕಾಣುವ ಮಳೆಯ ಹೆಚ್ಚಿನ ಭಾಗ ಶುಕ್ರವಾರವೇ ಸುರಿದಿರುತ್ತದೆ ಎಂಬುದನ್ನು ಮರೆತರೆ ಹೋಲಿಕೆ ಒಂದು ದಿನ ಜಾರುತ್ತದೆ. ಒಂದು ತಿಂಗಳ ಲೆಕ್ಕ ನೋಡುವಾಗ ಅಂಕಿಗಳು ಸರಿಸಮ ಇವೆಯೇ ಎಂದು ಹುಡುಕುವುದಕ್ಕಿಂತ, 5 ಮಿ.ಮೀ.ಗಿಂತ ಕಡಿಮೆ ಎಂದು ಹೇಳಿದ ದಿನಗಳಲ್ಲಿ ಎಷ್ಟು ದಿನ ನಿಜಕ್ಕೂ ಹೊಳವಾಗಿತ್ತು ಎಂದು ಎಣಿಸಬೇಕು. ಘಟ್ಟದ ಅಂಚಿನ ಊರುಗಳಲ್ಲಿ ಮುನ್ಸೂಚನೆಗಿಂತ ಸತತವಾಗಿ ಹೆಚ್ಚು ಮಳೆ ಬರುತ್ತಿದ್ದರೆ, ಆ ಊರಿನವರು 5ರ ಬದಲು 2 ಮಿ.ಮೀ.ಯನ್ನು ತಮ್ಮ ಮಿತಿಯಾಗಿ ಇಟ್ಟುಕೊಳ್ಳಬಹುದು.