ಕಂಸಾಳೆಯವರು ಬರದಿದ್ದರೆ ಶೂಟಿಂಗ್ ಹೇಗೆ?

ಪ್ರಶ್ನೆ: ಹನೂರು, ಯಳಂದೂರಿನಲ್ಲಿ ಎರಡು ದಿನದ ಸಾಕ್ಷ್ಯಚಿತ್ರ. ಮಾತು ಕೊಟ್ಟ ಕಲಾವಿದರು ಕೈಕೊಟ್ಟರೆ?

ಉತ್ತರ: ಮೊದಲು ಪಂಚಾಂಗ ನೋಡಿ. ಅಮಾವಾಸ್ಯೆಗೆ ಕಂಸಾಳೆಯವರು ಮಾದಪ್ಪನ ಬೆಟ್ಟದಲ್ಲಿರುತ್ತಾರೆ, ಅದನ್ನು ಕೈಕೊಡುವುದು ಎನ್ನಲಾಗದು. ಆ ದಿನಗಳನ್ನು ಬಿಟ್ಟು, ನಡುವಿನ ಕೊಳ್ಳೇಗಾಲದಲ್ಲಿ ತಂಗಿ. ಅಲ್ಲಿಂದ ಎರಡೂ ಕಡೆ ಹೊರಡಬಹುದು.

ವೇಳಾಪಟ್ಟಿಯಲ್ಲಿ ಜಾಗಕ್ಕೆ ಗಂಟೆ ಬರೆಯಿರಿ, ಜನರಿಗೆ ಅರ್ಧ ದಿನ. ಯಳಂದೂರಿನ ಗೌರೇಶ್ವರ ದೇಗುಲದ ಬಳೆಮಂಟಪವನ್ನು ಮುಂಚೆಯೇ ಅನುಮತಿ ಪಡೆದು, ಎರಡನೆಯ ದಿನ ಭಕ್ತರು ಸೇರುವ ಮುನ್ನ ಬೆಳಿಗ್ಗೆಯೇ ಚಿತ್ರೀಕರಿಸಿ ಮುಗಿಸಿ. ಆ ಹೊತ್ತು ತಪ್ಪಿದರೆ ಜನ ಅಡ್ಡ ಬರಬಹುದು. ಮುಖ್ಯ ಸಂದರ್ಶನ ಮೊದಲ ದಿನವೇ ಹನೂರಿನಲ್ಲಿರಲಿ, ತಪ್ಪಿದರೆ ಎರಡನೆಯ ದಿನದ ಮಧ್ಯಾಹ್ನ ಖಾಲಿ ಇರುತ್ತದೆ. ಹಿಂದಿನ ರಾತ್ರಿ ಕಲಾವಿದರಿಗಷ್ಟೇ ಅಲ್ಲ, ಮನೆಯವರಿಗೂ ಫೋನ್ ಮಾಡಿ. ‘ನೋಡೋಣ ಬನ್ನಿ’ ಎಂದರೆ ಬದಲಿ ಗಾಯಕರನ್ನು ಆಗಲೇ ಕೇಳಿಡಿ.