ಹುಟ್ಟು ಹಿಡಿಯುವ ಮುನ್ನ ಗಾಳಿ ನೋಡಿ: ಕಡಲ ಕಯಾಕಿಂಗ್‌ನ ಮೊದಲ ಪಾಠಗಳು

ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್ ಪಟ್ಟಣದಿಂದ ಪಕ್ಕದ ಚಾರ್ಮತ್ ಊರಿಗೆ ಸಮುದ್ರದ ಮೇಲೆ ಹೋದರೆ ಕೆಲವೇ ಕಿಲೋಮೀಟರ್. 1993ರ ಮಾರ್ಚ್ 22ರಂದು ಎಂಟು ಮಂದಿ ಶಾಲಾ ಮಕ್ಕಳು, ಒಬ್ಬ ಶಿಕ್ಷಕರು, ಇಬ್ಬರು ತರಬೇತುದಾರರು ಕಯಾಕ್‌ಗಳಲ್ಲಿ ಆ ಹಾದಿ ಹಿಡಿದರು. ಹೊರಟ ಸ್ವಲ್ಪ ಹೊತ್ತಿಗೇ ಶಿಕ್ಷಕರ ಕಯಾಕ್ ಮಗುಚಿತು. ಎತ್ತಿ ಕೂರಿಸಿದರೆ ಮತ್ತೆ ಮಗುಚಿತು. ಒಬ್ಬ ತರಬೇತುದಾರರು ಅವರೊಂದಿಗೆ ಉಳಿದರು. ಇನ್ನೊಬ್ಬರು ಮಕ್ಕಳ ಕಯಾಕ್‌ಗಳನ್ನು ಒಂದಕ್ಕೊಂದು ಒತ್ತಿ ಹಿಡಿಸಿ ಕಾಯತೊಡಗಿದರು. ಕಾಯುತ್ತಿದ್ದಂತೆಯೇ ನೆಲದ ಕಡೆಯಿಂದ ಬೀಸುತ್ತಿದ್ದ ಗಾಳಿ ಗುಂಪನ್ನು ಇಡಿಯಾಗಿ ಕಡಲೊಳಕ್ಕೆ ಒಯ್ದಿತು. ಅಲ್ಲಿ ಅಲೆಗಳು ದೊಡ್ಡವು, ನೀರು ಕೊರೆಯುವಷ್ಟು ತಣ್ಣಗಿತ್ತು. ಕಯಾಕ್‌ಗಳಲ್ಲಿ ನೀರು ತುಂಬಿ ಒಂದೊಂದೇ ಮಗುಚಿದವು. ಸಹಾಯ ತಲುಪುವಷ್ಟರಲ್ಲಿ ಗಂಟೆಗಳೇ ಕಳೆದಿದ್ದವು. ನಾಲ್ವರು ಮಕ್ಕಳು ತೀರಿಕೊಂಡರು. ಈ ದುರಂತದ ನಂತರವೇ, 1995ರಲ್ಲಿ, ಮಕ್ಕಳನ್ನು ಇಂಥ ಸಾಹಸಗಳಿಗೆ ಕರೆದೊಯ್ಯುವ ಕೇಂದ್ರಗಳು ಪರವಾನಗಿ ಪಡೆಯಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ ಬಂತು.

ಈ ಘಟನೆಯಲ್ಲಿ ಬಿರುಗಾಳಿ ಇರಲಿಲ್ಲ. ಇದ್ದದ್ದು ಮೂರು ಕೊರತೆ: ಗಾಳಿಯ ದಿಕ್ಕನ್ನು ಲೆಕ್ಕಕ್ಕೆ ಹಿಡಿಯದಿದ್ದುದು, ಗಾಳಿಗೆ ಎದುರಾಗಿ ದೋಣಿ ನಡೆಸುವ ಶಕ್ತಿ ಇಲ್ಲದಿದ್ದುದು, ಮಗುಚಿದವರನ್ನು ಬೇಗ ಮೇಲೆತ್ತಲಾಗದಿದ್ದುದು. ಕಡಲಿಗೆ ಹೊಸಬರಾದವರು ಕಲಿಯಬೇಕಾದ್ದೂ ಈ ಮೂರನ್ನೇ.

ಗಾಳಿ ಎತ್ತಣಿಂದ?

ಹೊಸಬರು ದಡದಲ್ಲಿ ನಿಂತು ಅಲೆ ನೋಡುತ್ತಾರೆ. ನೀರು ಶಾಂತವಾಗಿದ್ದರೆ ಇಳಿದುಬಿಡುತ್ತಾರೆ. ಗಾಳಿ ನೆಲದಿಂದ ಕಡಲಿನತ್ತ ಬೀಸುವಾಗ ದಡದ ನೀರು ಯಾವತ್ತೂ ಶಾಂತವಾಗಿಯೇ ಕಾಣುತ್ತದೆ. ಗಾಳಿ ಅಲೆ ಎಬ್ಬಿಸಬೇಕಾದರೆ ನೀರಿನ ಮೇಲೆ ಒಂದಷ್ಟು ದೂರ ಓಡಬೇಕು. ದಡದ ಬಳಿ ಆ ದೂರವೇ ಸಿಗುವುದಿಲ್ಲ. ಗುಡ್ಡ, ತೆಂಗಿನ ತೋಟಗಳ ಮರೆ ಬೇರೆ ಇರುತ್ತದೆ. ಅರ್ಧ ಕಿಲೋಮೀಟರ್ ಹೋದ ಮೇಲೆ ಮರೆ ತಪ್ಪುತ್ತದೆ, ಅಲೆ ಏಳುತ್ತದೆ. ಅಷ್ಟು ಹೊತ್ತು ಬೆನ್ನಿಗೆ ಗಾಳಿ ಇದ್ದುದರಿಂದ ದೋಣಿ ಸಲೀಸಾಗಿ ಓಡಿರುತ್ತದೆ. ತಿರುಗಿದಾಗಲೇ ಬಿಸಿ ಮುಟ್ಟುವುದು.

ಕರಾವಳಿ ಕರ್ನಾಟಕದಲ್ಲಿ ಮಳೆಗಾಲ ಮುಗಿದ ಮೇಲೆ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ. ಹಾಗಾಗಿ ಬೆಳಗಿನ ಜಾವ ಮೂಡಣದಿಂದ, ಅಂದರೆ ನೆಲದಿಂದ ಕಡಲಿಗೆ, ಮೆಲುಗಾಳಿ ಇರುತ್ತದೆ. ಬಿಸಿಲೇರಿದಂತೆ ಅದು ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು, ಕಡಲ ಕಡೆಯಿಂದ ಪಡುಗಾಳಿ ಶುರುವಾಗಿ ಸಂಜೆಯವರೆಗೂ ಜೋರಾಗಿರುತ್ತದೆ. ಹೊಸಬರಿಗೆ ಈ ಎರಡರ ನಡುವಿನ ಹೊತ್ತೇ ಹೇಳಿಸಿದ್ದು: ಬೆಳಿಗ್ಗೆ ಏಳರಿಂದ ಹತ್ತೂವರೆಯವರೆಗೆ. ಆ ಹೊತ್ತಿನಲ್ಲೂ ಮೂಡುಗಾಳಿ ಜೋರಾಗಿದ್ದರೆ ಇಳಿಯಬಾರದು.

ಗಾಳಿಯ ಬಲ ಅಳೆಯಲು ಉಪಕರಣ ಬೇಡ, ಅಲೆಯ ತಲೆ ನೋಡಿದರೆ ಸಾಕು. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಒಡೆಯತೊಡಗಿದರೆ ಗಾಳಿ ಗಂಟೆಗೆ ಹನ್ನೆರಡರಿಂದ ಹತ್ತೊಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ ಎಂದರ್ಥ. ಹೊಸಬರ ಮಿತಿ ಅಲ್ಲಿಗೆ ಮುಗಿಯಿತು. ಎಲ್ಲೆಡೆ ನೊರೆ ಕಂಡರೆ ಅನುಭವಿಗಳೂ ಎರಡು ಸಲ ಯೋಚಿಸುತ್ತಾರೆ. ಹಿಂದಿನ ರಾತ್ರಿಯೇ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆಯನ್ನೂ ನೋಡಿರಬೇಕು. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ದಡಕ್ಕೆ ಅಪ್ಪಳಿಸುವುದುಂಟು. ಅದು ಕಣ್ಣಿಗೆ ಕಾಣುವ ಮೊದಲೇ ತಿಳಿಯುವುದು ಈ ಮುನ್ಸೂಚನೆಯಿಂದ. ಯಂತ್ರದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಂತೂ ಕಯಾಕ್ ಮನೆಯಲ್ಲೇ ಇರಲಿ. ಆಗಸ್ಟ್ ಕೂಡ ಹೊಸಬರದ್ದಲ್ಲ.

ಹುಟ್ಟು ಹಾಕುವುದು ಸೊಂಟದಿಂದ

ಕಡಲಿಗೆಂದೇ ಮಾಡಿದ ಕಯಾಕ್ ಸುಮಾರು ಐದು ಮೀಟರ್ ಉದ್ದ, ಅರವತ್ತು ಸೆಂಟಿಮೀಟರ್ ಅಗಲ ಇರುತ್ತದೆ. ಒಳಗೆ ಅಡ್ಡಗೋಡೆಗಳಿದ್ದು ಮುಂದೆ, ಹಿಂದೆ ಗಾಳಿ ತುಂಬಿದ ಕೋಣೆಗಳಿರುವುದರಿಂದ ಮಗುಚಿದರೂ ಮುಳುಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಬಾಡಿಗೆಗೆ ಸಿಗುವುದು ಮೇಲೆ ಕೂರುವ ಅಗಲದ ಕಯಾಕ್. ಅದು ನಿಧಾನ, ಆದರೆ ಕಲಿಯಲು ಸುಲಭ. ಯಾವುದೇ ಆದರೂ ಹುಟ್ಟು ಹಾಕುವ ರೀತಿ ಒಂದೇ.

ಹೊಸಬರು ತೋಳಿನಿಂದ ಎಳೆಯುತ್ತಾರೆ, ಅರ್ಧ ಗಂಟೆಗೆ ಸುಸ್ತಾಗುತ್ತಾರೆ. ಬಲ ಬರಬೇಕಾದ್ದು ಸೊಂಟ, ಬೆನ್ನುಗಳ ತಿರುವಿನಿಂದ. ಹಗ್ಗದ ಕಡಗೋಲಿನಲ್ಲಿ ಮಜ್ಜಿಗೆ ಕಡೆದವರಿಗೆ ಇದು ಬೇಗ ಅರ್ಥವಾಗುತ್ತದೆ: ಒಂದು ಕೈ ಹಿಂದಕ್ಕೆ ಬಂದಂತೆ ಇನ್ನೊಂದು ಮುಂದೆ ಹೋಗುತ್ತದೆ, ಇಡೀ ಮೈ ಅದರೊಂದಿಗೆ ತಿರುಗುತ್ತದೆ. ಬೆನ್ನು ನೆಟ್ಟಗಿಟ್ಟು ಕೂತು, ಬಲಗಡೆ ಹುಟ್ಟು ಹಾಕುವಾಗ ಬಲಭುಜವನ್ನು ಮುಂದೆ ತಿರುಗಿಸಿ. ಅಲಗನ್ನು ಪಾದದ ನೇರಕ್ಕೆ ಪೂರ್ತಿ ಮುಳುಗಿಸಿ. ಆಮೇಲೆ ಬಲಪಾದದಿಂದ ಒತ್ತುತ್ತಾ ಮೈಯನ್ನು ಹಿಂದಕ್ಕೆ ತಿರುಗಿಸಿ; ತೋಳು ಹೆಚ್ಚುಕಡಿಮೆ ನೇರವಾಗಿಯೇ ಇರಲಿ. ಅಲಗು ಸೊಂಟದ ನೇರಕ್ಕೆ ಬಂದ ಕೂಡಲೇ ಮೇಲೆತ್ತಿ. ಅದಕ್ಕಿಂತ ಹಿಂದೆ ಎಳೆದರೆ ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ತಿರುಗುತ್ತದೆ. ಹಿಡಿತ ಸಡಿಲವಿರಲಿ. ಅಂಗೈಯಲ್ಲಿ ಬೊಕ್ಕೆ ಎದ್ದರೆ ಬಿಗಿಯಾಗಿ ಹಿಡಿದಿದ್ದೀರಿ ಎಂದೇ ಅರ್ಥ.

ದೋಣಿ ತಿರುಗಿಸಲು ಅಲಗನ್ನು ಪಾದದ ಬಳಿ ಇಳಿಸಿ, ದೂರಕ್ಕೆ ಅರ್ಧವೃತ್ತ ಎಳೆದು ಹಿಂತುದಿಯವರೆಗೆ ತನ್ನಿ. ಬಲಗಡೆ ಎಳೆದರೆ ಮೂತಿ ಎಡಕ್ಕೆ ತಿರುಗುತ್ತದೆ. ಪಕ್ಕದಿಂದ ಗಾಳಿ ಹೊಡೆಯುವಾಗ ಇದು ತುಂಬಾ ಬೇಕಾಗುತ್ತದೆ. ಮುಂದೆ ಸಾಗುತ್ತಿರುವ ಕಯಾಕ್‌ನ ಮೂತಿ ತಾನಾಗಿ ಗಾಳಿಯತ್ತ ತಿರುಗುವುದು ಅದರ ಸ್ವಭಾವ. ಗಾಳಿ ಬಲದಿಂದ ಬರುತ್ತಿದ್ದರೆ ಬಲಗಡೆಯೇ ಅಗಲವಾಗಿ ಎಳೆದು ನೇರ ಮಾಡಬೇಕು. ಕಡಲ ಕಯಾಕ್‌ಗಳಲ್ಲಿ ಹಿಂಬದಿ ಕೆಳಗೆ ಇಳಿಸುವ ರೆಕ್ಕೆಯಂಥ ಸ್ಕೆಗ್ ಇರುವುದೂ ಇದಕ್ಕೇ.

ಮಗುಚಿದಾಗ

ಮಗುಚುವುದನ್ನು ಮೊದಲ ದಿನವೇ, ಎದೆಮಟ್ಟದ ಶಾಂತ ನೀರಿನಲ್ಲಿ, ಕಲಿಸುವವರು ಪಕ್ಕದಲ್ಲಿ ನಿಂತಿರುವಾಗ ಬೇಕೆಂದೇ ಮಾಡಿ ಕಲಿಯಬೇಕು. ಲೈಫ್ ಜಾಕೆಟ್ ಮೈಗೆ ಬಿಗಿಯಾಗಿರಲಿ. ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದರೆ ಅದು ಕಿವಿಯವರೆಗೆ ಏರಬಾರದು.

ಮೇಲೆ ಕೂರುವ ಕಯಾಕ್ ಮಗುಚಿದರೆ ನೀವು ತಾನಾಗಿ ಹೊರಗೆ ಬೀಳುತ್ತೀರಿ. ತಳದ ಮೇಲಿಂದ ಕೈ ಚಾಚಿ ಆಚೆಯ ಅಂಚನ್ನು ಹಿಡಿದೆಳೆದು ನೆಟ್ಟಗೆ ಮಾಡಿ. ಕಾಲು ಬಡಿಯುತ್ತಾ ಹೊಟ್ಟೆಯನ್ನು ಸೀಟಿನ ಮೇಲೆ ತಂದು ಮಲಗಿ, ಹೊರಳಿ ಕೂತು, ಕೊನೆಗೆ ಕಾಲುಗಳನ್ನು ಒಳಗೆ ತನ್ನಿ. ಒಳಗೆ ಕೂರುವ ಕಯಾಕ್‌ನಲ್ಲಿ ನೀರು ಬಾರದಂತೆ ಸೊಂಟದ ಸುತ್ತ ಹಾಕುವ ಸ್ಪ್ರೇ ಸ್ಕರ್ಟ್ ಇರುತ್ತದೆ. ತಲೆಕೆಳಗಾದಾಗ ಮುಂದಕ್ಕೆ ಬಾಗಿ, ಅದರ ಮುಂದಿನ ಕುಣಿಕೆಯನ್ನು ಮೊದಲು ಮುಂದಕ್ಕೆ, ಆಮೇಲೆ ಹೊರಕ್ಕೆ ಎಳೆದು, ಸೊಂಟದ ಎರಡೂ ಪಕ್ಕ ಕೈಯೂರಿ ತಳ್ಳಿಕೊಂಡು ಹೊರಬರಬೇಕು. ಕುಣಿಕೆ ಹೊರಗೆ ಕಾಣುವಂತಿದೆಯೇ ಎಂದು ಹೊರಡುವ ಮುನ್ನ ಕೈಯಿಂದ ಮುಟ್ಟಿ ನೋಡಿ. ಹೊರಬಂದ ಮೇಲೆ ದೋಣಿಯನ್ನು, ಹುಟ್ಟನ್ನು ಬಿಡಬೇಡಿ. ಗಾಳಿಗೆ ಸಿಕ್ಕ ಖಾಲಿ ಕಯಾಕ್ ಈಜುವವರಿಗಿಂತ ಬೇಗ ಓಡುತ್ತದೆ. ದಡದ ಬಳಿ ಒಡೆಯುವ ಅಲೆಗಳಲ್ಲಿ ಬಿದ್ದರೆ ದೋಣಿಯ ಕಡಲ ಕಡೆಯಲ್ಲೇ ಇರಿ. ದಡದ ಕಡೆ ಇದ್ದರೆ ಅಲೆ ಅದನ್ನು ತಂದು ನಿಮಗೇ ಬಡಿಯುತ್ತದೆ.

ಇಬ್ಬರಿದ್ದರೆ ಕೆಲಸ ಸುಲಭ. ನೆರವಿಗೆ ಬಂದವರು ಮಗುಚಿದ ಕಯಾಕ್‌ನ ಮೂತಿ ಹಿಡಿದು, ತಮ್ಮ ದೋಣಿಗೆ ಅಡ್ಡಲಾಗಿ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ನೀರಿನಲ್ಲಿರುವವರು ಹಿಂತುದಿಯನ್ನು ಕೆಳಕ್ಕೆ ಒತ್ತಿದರೆ ಮೂತಿ ಹಗುರವಾಗಿ ಏಳುತ್ತದೆ, ಒಳಗಿನ ನೀರು ಸುರಿದುಹೋಗುತ್ತದೆ. ಆಮೇಲೆ ಅದನ್ನು ನೆಟ್ಟಗೆ ಮಾಡಿ ನೀರಿಗಿಳಿಸಿ, ಎರಡೂ ದೋಣಿಗಳನ್ನು ಎದುರುಬದುರು ದಿಕ್ಕಿಗೆ ಮೂತಿ ಬರುವಂತೆ ಪಕ್ಕಪಕ್ಕ ತರಬೇಕು. ನೆರವಿನವರು ಖಾಲಿ ಕಯಾಕ್‌ನ ಮೇಲೆ ಮೈಭಾರ ಹಾಕಿ, ಕೂರುವ ಗುಂಡಿಯ ಅಂಚನ್ನು ಎರಡೂ ಕೈಯಿಂದ ತಬ್ಬಿ ಹಿಡಿಯುತ್ತಾರೆ. ಬಿದ್ದವರು ಆಚೆ ಪಕ್ಕದಿಂದ ಎದೆಯನ್ನು ಹಿಂಬದಿಯ ಮೇಲೆ ತಂದು, ಹಿಂತುದಿಗೆ ಮುಖ ಮಾಡಿ ಮಲಗಿ, ಕಾಲುಗಳನ್ನು ಗುಂಡಿಯೊಳಗೆ ಜಾರಿಸುತ್ತಾರೆ. ನೆರವಿನವರ ಕಡೆಗೇ ಹೊರಳುತ್ತಾ ಕೂತುಕೊಳ್ಳುತ್ತಾರೆ. ಉಳಿದ ನೀರನ್ನು ಪಂಪಿನಿಂದ ಹೊರಹಾಕುವವರೆಗೆ ಹಿಡಿದ ಕೈ ಬಿಡಬಾರದು. ಅಭ್ಯಾಸ ಇರುವವರಿಗೆ ಇದೆಲ್ಲ ಕೆಲವೇ ನಿಮಿಷದ ಕೆಲಸ. ಇಲ್ಲದವರು ಅಷ್ಟು ಹೊತ್ತೂ ಗಾಳಿಯೊಂದಿಗೆ ತೇಲುತ್ತಿರುತ್ತಾರೆ.

ಅಳಿವೆಯ ಲೆಕ್ಕ

ಇವೆಲ್ಲ ಒಟ್ಟಿಗೆ ಸೇರುವುದು ಹೇಗೆಂದು ಕಾರವಾರದ ಕಾಳಿ ಅಳಿವೆಯಲ್ಲಿ ನೋಡೋಣ. ಅಳಿವೆಯ ದಕ್ಷಿಣಕ್ಕೆ ಕಾರವಾರ ಬೀಚು, ಉತ್ತರಕ್ಕೆ ದೇವಬಾಗ. ಡಿಸೆಂಬರಿನ ಒಂದು ಬೆಳಿಗ್ಗೆ ಇಬ್ಬರು ಹೊಸಬರು ಏಳಕ್ಕೆ ಇಳಿದು, ನದಿಯೊಳಗೆ ಒಂದಷ್ಟು ದೂರ ಹೋಗಿ ಹಿಂತಿರುಗುವ ಯೋಚನೆ ಮಾಡಿದ್ದಾರೆ ಎನ್ನಿ. ಹೊಸಬರ ವೇಗ ಗಂಟೆಗೆ ಸುಮಾರು ಐದು ಕಿಲೋಮೀಟರ್. ಮೊದಲು ನೋಡಬೇಕಾದ್ದು ಉಬ್ಬರ–ಇಳಿತದ ಪಟ್ಟಿ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತ ಜೋರು.

ಇಳಿತದ ನೀರು ಗಂಟೆಗೆ ಮೂರು ಕಿಲೋಮೀಟರಿನಂತೆ ಹೊರಗೆ ಹರಿಯುತ್ತಿದ್ದರೆ, ನದಿಯೊಳಕ್ಕೆ ಹೋಗುವವರ ಪಾಲಿಗೆ ಉಳಿಯುವುದು ಗಂಟೆಗೆ ಎರಡೇ ಕಿಲೋಮೀಟರ್. ಅದರ ಮೇಲೆ ಮೂಡುಗಾಳಿಯೂ ಎದುರಿಗಿದ್ದರೆ ಅದಕ್ಕಿಂತ ಕಡಿಮೆ. ಅಂಥಲ್ಲಿ ಒಬ್ಬರು ಮಗುಚಿ ಹತ್ತು ನಿಮಿಷ ಕಳೆದರೆ, ಹುಟ್ಟು ಹಾಕದೆಯೇ ಅರ್ಧ ಕಿಲೋಮೀಟರ್ ಕಡಲಿನತ್ತ ಜಾರಿರುತ್ತಾರೆ. ಇನ್ನೂ ಕೆಟ್ಟದ್ದು ಮಧ್ಯಾಹ್ನದ ಇಳಿತ. ಹೊರಗೆ ಹರಿಯುವ ನೀರಿಗೆ ಪಡುಗಾಳಿ ಎದುರಾದಾಗ ಅಳಿವೆಯ ಬಾಯಲ್ಲಿ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಅರ್ಧ ಕಿಲೋಮೀಟರ್ ಆಚೆಗೆ ನೀರು ಸಪಾಟಾಗಿದ್ದರೂ ಅಲ್ಲಿ ಕುದಿಯುತ್ತಿರುತ್ತದೆ.

ಆದ್ದರಿಂದ ಇವರು ಆಯ್ದುಕೊಳ್ಳಬೇಕಾದ್ದು ಏಳರ ಹೊತ್ತಿಗೆ ಉಬ್ಬರ ಏರುತ್ತಿರುವ, ಒಂಬತ್ತರ ಸುಮಾರಿಗೆ ತುಂಬುವ ದಿನ. ಹೋಗುವಾಗ ನೀರು ಒಳಕ್ಕೆ ಒಯ್ಯುತ್ತದೆ, ಏನಾದರೂ ತಪ್ಪಿದರೂ ನದಿಯೊಳಕ್ಕೇ ತೇಲುತ್ತಾರೆ. ಬರುವಾಗ ಇಳಿತ ಇನ್ನೂ ಮೆಲ್ಲಗಿರುತ್ತದೆ, ಪಡುಗಾಳಿ ಎದ್ದಿರುವುದಿಲ್ಲ. ಇಬ್ಬರೂ ದಂಡೆಯ ಅಂಚಿನಲ್ಲೇ ಸಾಗಬೇಕು, ಅಳಿವೆಯ ಬಾಯಿ ದಾಟಬಾರದು. ಎಷ್ಟು ಹೊತ್ತಿಗೆ ಮರಳುತ್ತೇವೆಂದು ದಡದಲ್ಲಿ ಒಬ್ಬರಿಗೆ ಹೇಳಿರಬೇಕು. ಹೇಳಿದ ಹೊತ್ತಿಗೆ ಬಾರದಿದ್ದರೆ ಅವರು ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಬೇಕು. ಸೀಟಿ, ನೀರು ಹೊಗದ ಚೀಲದಲ್ಲಿ ಮೊಬೈಲು ಎರಡೂ ದೋಣಿಯಲ್ಲಲ್ಲ, ಮೈಮೇಲೆಯೇ ಇರಲಿ. ಲೈಮ್ ಕೊಲ್ಲಿಯಷ್ಟು ಚಳಿ ನಮ್ಮ ಕಡಲಿಗಿಲ್ಲ. ಆದರೆ ಬಿಸಿಲು, ದಾಹ ಸೇರಿ ಎರಡು ಗಂಟೆಯಲ್ಲಿ ತೋಳಿನ ಕಸು ಹೀರಿಬಿಡುತ್ತವೆ. ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು ಬೇಕು.

ಕಯಾಕ್ ಬಾಡಿಗೆಗೆ ಕೊಡುವವರನ್ನು ಮೂರು ಪ್ರಶ್ನೆ ಕೇಳಿ: ಇವತ್ತು ಗಾಳಿ ಎತ್ತಣಿಂದ, ಇಳಿತ ಎಷ್ಟು ಹೊತ್ತಿಗೆ, ಮಗುಚಿದರೆ ಎತ್ತಲು ಯಾರು ಜೊತೆಗೆ ಬರುತ್ತಾರೆ. ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಆ ದಿನ ನೀರಿಗಿಳಿಯಬೇಡಿ.