ಚೀಟಿ ಇಟ್ಟವನು ಮೇಷ್ಟ್ರಿಗೆ ಬರೆಯುವ ಪತ್ರ

ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ವಿದ್ಯಾರ್ಥಿ ಬರೆದುಕೊಡುವ ಕ್ಷಮಾಪಣೆ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ: ‘ನನ್ನಿಂದ ಅಚಾತುರ್ಯದಿಂದ ತಪ್ಪು ನಡೆದಿರುತ್ತದೆ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ದಯವಿಟ್ಟು ಕ್ಷಮಿಸಬೇಕಾಗಿ ಪ್ರಾರ್ಥನೆ.’ ಕೆಳಗೆ ಅವನ ಸಹಿ, ಪಕ್ಕದಲ್ಲಿ ಅಪ್ಪನ ಸಹಿ. ಆ ಹುಡುಗ ಏನು ಮಾಡಿದ, ಯಾವ ಪ್ರಶ್ನೆಗೆ ಮಾಡಿದ ಎಂಬುದು ಇದರಲ್ಲಿ ಎಲ್ಲೂ ಇಲ್ಲ. ಮೇಷ್ಟ್ರು ಓದಿ ಫೈಲಿಗೆ ಹಾಕುತ್ತಾರೆ, ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದ್ವಿತೀಯ ಪಿಯುಸಿ ಹುಡುಗನೊಬ್ಬ ಭೌತಶಾಸ್ತ್ರದ ಅರ್ಧವಾರ್ಷಿಕ ಪರೀಕ್ಷೆಗೆ ಎರಡು ನಿರೂಪಣೆಗಳನ್ನು ಸಣ್ಣ ಅಕ್ಷರದಲ್ಲಿ ಬರೆದು, ಜಾಮಿಟ್ರಿ ಬಾಕ್ಸಿನ ತಳದಲ್ಲಿ ಇಟ್ಟುಕೊಂಡು ಹೋದ. ವೀಟ್‌ಸ್ಟನ್ ಬ್ರಿಡ್ಜ್‌ನ ನಿರೂಪಣೆ ಬಂತು. ಐದು ಅಂಕ. ಚೀಟಿ ನೋಡಿ ಬರೆದ. ಹೊರಡುವಾಗ ಚೀಟಿ ಕೆಳಗೆ ಬಿತ್ತು, ಮೇಡಂ ನೋಡಿದರು. ಹಿಂದಿನ ರಾತ್ರಿ ಕೂತು ತಯಾರಿಸಿದ ಚೀಟಿಯನ್ನು ಅಚಾತುರ್ಯ ಎಂದರೆ ಮೇಡಂ ನಂಬುವುದಾದರೂ ಹೇಗೆ? ಕ್ಷಮೆ ಕೇಳುವ ಪತ್ರದಲ್ಲೇ ಇನ್ನೊಂದು ಸುಳ್ಳು ಸೇರಿಕೊಂಡಂತಾಯಿತು.

ಯಾವ ಕ್ಷಮಾಪಣೆ ಮನಸ್ಸಿಗೆ ನಾಟುತ್ತದೆ ಎಂಬುದನ್ನು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಇಬ್ಬರು ಸಹಸಂಶೋಧಕರು 755 ಜನರ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ವಿಷಾದ, ಕಾರಣದ ವಿವರಣೆ, ಹೊಣೆಯ ಒಪ್ಪಿಗೆ, ಇನ್ನು ಮಾಡೆನೆಂಬ ಮಾತು, ಸರಿಪಡಿಸುವ ಸಿದ್ಧತೆ, ಕ್ಷಮೆಯ ಕೋರಿಕೆ ಎಂದು ಕ್ಷಮಾಪಣೆಯನ್ನು ಆರು ಭಾಗ ಮಾಡಿಕೊಂಡಿದ್ದರು. ಜನರಿಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಹೊಣೆ ಒಪ್ಪಿಕೊಳ್ಳುವುದು, ಅದರ ನಂತರ ಸರಿಪಡಿಸುವ ಸಿದ್ಧತೆ. ‘ಕ್ಷಮಿಸಿ’ ಎಂಬ ಕೋರಿಕೆಗೆ ಸಿಕ್ಕಿದ್ದು ಕೊನೆಯ ಸ್ಥಾನ. ಇನ್ನೊಂದು ಸಂಗತಿಯೂ ಕಂಡುಬಂತು. ತಿಳಿವಳಿಕೆ ಸಾಲದೆ ಆದ ತಪ್ಪಿಗಿಂತ, ಬೇಕೆಂದೇ ಮಾಡಿದ ಮೋಸಕ್ಕೆ ಕೇಳಿದ ಕ್ಷಮೆಯನ್ನು ಜನ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಕಾಪಿ ಹೊಡೆಯುವುದು ಈ ಎರಡನೇ ಬಗೆಯದು. ಹಾಗಾಗಿಯೇ ಆ ಪತ್ರವನ್ನು ಜಾಗ್ರತೆಯಿಂದ ಬರೆಯಬೇಕಾಗುತ್ತದೆ.

ನಮ್ಮ ಹುಡುಗ ಹೀಗೆ ಬರೆದನೆನ್ನಿ:

‘ಮೇಡಂ, ಸೋಮವಾರದ ಪರೀಕ್ಷೆಗೆ ನಾನು ಚೀಟಿ ತಂದಿದ್ದೆ. ಹಿಂದಿನ ರಾತ್ರಿಯೇ ಬರೆದು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ. ವೀಟ್‌ಸ್ಟನ್ ಬ್ರಿಡ್ಜ್ ಉತ್ತರವನ್ನು ಅದನ್ನು ನೋಡಿಯೇ ಬರೆದೆ. ಚೀಟಿಯಲ್ಲಿದ್ದ ಇನ್ನೊಂದು ನಿರೂಪಣೆ ಪ್ರಶ್ನೆಪತ್ರಿಕೆಯಲ್ಲಿ ಬರಲಿಲ್ಲ. ಬಂದಿದ್ದರೆ ಅದನ್ನೂ ನೋಡಿ ಬರೆಯುತ್ತಿದ್ದೆ. ಕಿರ್ಚಾಫ್ ನಿಯಮಗಳು ನನಗೆ ಅರ್ಥವಾಗಿರಲಿಲ್ಲ, ನಿಮ್ಮನ್ನು ಕೇಳಲು ಹೆದರಿಕೆಯಾಯಿತು. ಆ ಐದು ಅಂಕವನ್ನು ತೆಗೆದುಬಿಡಿ. ಉಳಿದ ಉತ್ತರಗಳ ಬಗ್ಗೆ ಅನುಮಾನವಿದ್ದರೆ ನಿಮ್ಮೆದುರು ಕೂತು ಮತ್ತೆ ಬರೆಯುತ್ತೇನೆ. ನಾನು ಮಾಡಿದ್ದು ಮೋಸ. ಕ್ಷಮಿಸಿ ಮೇಡಂ.’

ಇಲ್ಲಿ ಮೊದಲ ಸಾಲಿನಲ್ಲೇ ತಪ್ಪು ಏನೆಂದು ಗೊತ್ತಾಗುತ್ತದೆ, ಕ್ಷಮೆಯ ಮಾತು ಕೊನೆಗೆ ಬರುತ್ತದೆ. ‘ಬಂದಿದ್ದರೆ ಅದನ್ನೂ ನೋಡಿ ಬರೆಯುತ್ತಿದ್ದೆ’ ಎಂಬ ಮಾತನ್ನು ಅವನು ಬರೆಯಲೇಬೇಕೆಂದಿರಲಿಲ್ಲ, ಯಾರೂ ಕೇಳಿರಲಿಲ್ಲ. ಓದುವ ಮೇಡಂಗೆ ನಂಬಿಕೆ ಹುಟ್ಟುವುದು ಈ ಸಾಲಿನಿಂದಲೇ ಎಂದು ನನ್ನ ಎಣಿಕೆ. ಕಾರಣಕ್ಕೆ ಒಂದೇ ವಾಕ್ಯ ಸಾಕು. ಅಜ್ಜಿಯ ಕಾಯಿಲೆ, ಟ್ಯೂಷನ್ ಸುಸ್ತು ಎಂದು ಬೆಳೆಯುತ್ತ ಹೋದರೆ, ಕಾರಣಗಳು ನಿಜವೇ ಇದ್ದರೂ ಪತ್ರ ವಕಾಲತ್ತಾಗುತ್ತದೆ. ‘ಎಲ್ಲರೂ ಮಾಡುತ್ತಿದ್ದರು’ ಎಂದು ಬರೆಯಬಾರದು. ಗೆಳೆಯರ ಹೆಸರಂತೂ ಈ ಪತ್ರಕ್ಕೆ ಬೇಡ. ಕೊಡುವುದಾದರೆ ಅಂಕಗಳು ರಿಜಿಸ್ಟರಿಗೆ ಏರುವ ಮೊದಲೇ ಕೊಡಬೇಕು. ಆಗ ಮಾತ್ರ ‘ಅಂಕ ತೆಗೆದುಬಿಡಿ’ ಎಂಬ ಮಾತಿಗೆ ಬೆಲೆ.

ಮನೆಯವರು ಹೇಳಿ ಬರೆಸುವುದೂ ಉಂಟು. ದಿನಾ ಆ ಹುಡುಗನ ನೋಟ್ಸ್ ತಿದ್ದುವವರಿಗೆ ಅದು ಎರಡನೇ ಸಾಲಿಗೇ ತಿಳಿದುಬಿಡುತ್ತದೆ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಮಾತು ಅವನದೇ ಆಗಿರಲಿ.

ಇದೆಲ್ಲ ಅಂಕ ಮೇಷ್ಟ್ರ ಕೈಯಲ್ಲಿರುವ ಕಾಲೇಜಿನೊಳಗಿನ ಪರೀಕ್ಷೆಗಳ ಮಾತು. ಬೋರ್ಡ್ ಪರೀಕ್ಷೆಯ ದಾರಿ ಬೇರೆ. ಅಲ್ಲಿ ಸಿಕ್ಕಿಬಿದ್ದವನಿಂದ ಪರೀಕ್ಷಾ ಕೇಂದ್ರದವರು ಬರೆಸಿಕೊಳ್ಳುವುದು ಹೇಳಿಕೆ. ಅದು ಪ್ರಕರಣದ ದಾಖಲೆಗೆ ಸೇರುತ್ತದೆ, ಪಾಠ ಹೇಳಿದ ಮೇಷ್ಟ್ರಿಗೆ ಪತ್ರ ಬರೆದರೆ ಪ್ರಕರಣ ಕೈಬಿಡುವುದಿಲ್ಲ. ಉತ್ತರ ಪತ್ರಿಕೆಯಲ್ಲೇ ಮೌಲ್ಯಮಾಪಕರಿಗೆ ಕ್ಷಮೆ, ಮನವಿ ಬರೆಯುವುದಂತೂ ಕೂಡದು. ಅದೇ ಇನ್ನೊಂದು ಅಕ್ರಮವಾಗುತ್ತದೆ.

ಪತ್ರ ಪಡೆದವರಿಗೂ ಒಂದು ಕೆಲಸವಿದೆ. ಕೇಳಿದಂತೆ ಐದು ಅಂಕ ಕಳೆಯುವುದು ಸರಿ, ಕಾಲೇಜಿನ ನಿಯಮದ ಶಿಕ್ಷೆ ಇದ್ದರೆ ಅದೂ ನಡೆಯಲಿ. ಆದರೆ ಆ ಪತ್ರವನ್ನು ತರಗತಿಯಲ್ಲಿ ಓದಿ ಹೇಳುವುದು, ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ದಾಟಿಸುವುದು ಅನ್ಯಾಯ. ಕಿರ್ಚಾಫ್ ನಿಯಮ ಅರ್ಥವಾಗಿಲ್ಲ, ಕೇಳಲು ಹೆದರಿಕೆ ಎಂದು ಹುಡುಗ ಬರೆದಿದ್ದಾನಲ್ಲ, ಅವನನ್ನು ಕರೆದು ಆ ಪಾಠವನ್ನು ಇನ್ನೊಮ್ಮೆ ಹೇಳಿಕೊಡಬೇಕು.